ಚೌಳು ನೆಲದ ಬೆಲ್ಲ

ನಮ್ಮ ಕಡೆ ಕಬ್ಬಿನ ಗದ್ದೆ ಕೊಳ್ಳುವವರು ಮಣ್ಣು ನೋಡುವ ಮೊದಲು ಬೆಲ್ಲ ನೋಡುತ್ತಾರೆ. ಆ ಗದ್ದೆಯ ಕಬ್ಬನ್ನು ಆಲೆಮನೆಯಲ್ಲಿ ಅರೆಸಿ, ಕಬ್ಬಿನ ಹಾಲು ಕಾಯಿಸಿ, ಅಚ್ಚಿಗೆ ಹೊಯ್ದ ಬೆಲ್ಲದ ಒಂದು ಚೂರನ್ನು ನಾಲಗೆಯ ಮೇಲೆ ಇಟ್ಟುಕೊಂಡರೆ ನೆಲದ ಜಾತಕವೇ ಗೊತ್ತಾಗುತ್ತದೆ ಎಂಬುದು ಹಿರಿಯರ ಮಾತು. ಮಾತಿನಲ್ಲಿ ಸುಳ್ಳಿಲ್ಲ. ನಾಲೆ ನೀರು ವರ್ಷಗಟ್ಟಲೆ ಹರಿದು, ಬಸಿದುಹೋಗಲು ದಾರಿಯಿಲ್ಲದೆ ನಿಂತ ತಗ್ಗಿನಲ್ಲಿ ನೆಲ ಚೌಳಾಗುತ್ತದೆ. ಬೇಸಿಗೆಯಲ್ಲಿ ಮಣ್ಣಿನ ಮೇಲೆ ಬೆಳ್ಳಗೆ ಉಪ್ಪು ಏಳುತ್ತದೆ. ಅಂಥ ನೆಲದ ಕಬ್ಬಿನ ಬೆಲ್ಲ ಕಪ್ಪಗೆ, ಅಂಟಂಟಾಗಿ, ಅಚ್ಚಿನಲ್ಲಿ ಗಟ್ಟಿ ಕೂರದೆ, ಬಾಯಲ್ಲಿಟ್ಟರೆ ಉಪ್ಪುಪ್ಪಾಗಿರುತ್ತದೆ. ಆದರೆ ತಟ್ಟೆಯಲ್ಲಿಟ್ಟ ಬೆಲ್ಲ ಆ ಗದ್ದೆಯದೇ ಹೌದೋ ಅಲ್ಲವೋ ಎಂದು ನಾಲಗೆ ಹೇಳುವುದಿಲ್ಲ. ಅದನ್ನು ಮನುಷ್ಯರು ಹೇಳಬೇಕು. ನನ್ನ ಹೊಟ್ಟೆಪಾಡು ಇರುವುದು ಅಲ್ಲಿಯೇ.

ನಾನು ಮದ್ದೂರಿನಲ್ಲಿ ವಕೀಲಿ ಮಾಡುವವಳು. ಸಿವಿಲ್ ಕೇಸುಗಳೇ ಹೆಚ್ಚು. ಗದ್ದೆ ಬದು, ಪಾಲು ಪಾರಿಖತ್ತು, ಕ್ರಯಪತ್ರ. ಊರಿನವರು ನನ್ನನ್ನು ಲಾಯರಮ್ಮ ಅನ್ನುತ್ತಾರೆ, ಬೆನ್ನ ಹಿಂದೆ ಬಜಾರಿ ಅನ್ನುತ್ತಾರೆ. ಎರಡೂ ನಿಜ. ಸುಳ್ಳು ಹೇಳುವವರನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು, ಪಾಟಿ ಸವಾಲಿನಲ್ಲಿ ಅವರನ್ನು ಬೆವರಿಳಿಸುವುದು ನನಗೆ ಒಂದು ಖುಷಿಯೇ ಆಗಿತ್ತು. ಈ ಕೇಸು ಮುಗಿದ ಮೇಲೆ ಆ ಖುಷಿ ಹೊರಟುಹೋಯಿತು, ಮತ್ತೆ ಬರಲಿಲ್ಲ.

ಬಂದವರು ಗಂಡ ಹೆಂಡತಿ. ಗಂಡನಿಗೆ ಗೆಜ್ಜಲಗೆರೆಯ ಒಂದು ಕಾರ್ಖಾನೆಯಲ್ಲಿ ಕೆಲಸ. ಮೂಲ ಊರು ಕಿರುಗಾವಲಿನ ಹತ್ತಿರ. ಅಲ್ಲಿ ಇದ್ದ ಕೆಂಪು ಮಣ್ಣಿನ ಹೊಲವನ್ನು ಮಾರಿ, ಕೆಲಸಕ್ಕೂ ಹತ್ತಿರ, ಹೆಂಡತಿಯ ತವರಿಗೂ ಹತ್ತಿರ ಎಂದು ಕೊಪ್ಪದ ಕಡೆಯ ಒಂದು ಹಳ್ಳಿಯಲ್ಲಿ ನಾಲೆ ಬಯಲಿನ ಗದ್ದೆ ಕೊಂಡಿದ್ದರು. ಮಾರಿದವಳು ಗಂಡ ಸತ್ತ ಒಬ್ಬ ಅಜ್ಜಿ. ಖಾತೆ ಅವಳ ಹೆಸರಿನಲ್ಲಿತ್ತು, ಮಾತುಕತೆ ಪೂರಾ ಅವಳ ಒಬ್ಬನೇ ಮಗನದು. ನೋಡಲು ಹೋದಾಗ ನಾಲೆಗೆ ನೀರು ಬಿಟ್ಟಿದ್ದ ಕಾಲ, ಗದ್ದೆ ತುಂಬ ನೀರು ನಿಂತು ಬತ್ತದ ಪೈರು ಹಸಿರಾಗಿತ್ತು. ನೀರಿನ ಅಡಿಯಲ್ಲಿ ಉಪ್ಪು ಕಾಣುವುದಿಲ್ಲ. ಬತ್ತ ಒಂದಿಷ್ಟು ಚೌಳನ್ನು ಹೇಗೋ ತಡೆದುಕೊಳ್ಳುತ್ತದೆ, ಕಬ್ಬು ತಡೆಯುವುದಿಲ್ಲ. ಇವರಿಗೆ ಬೇಕಾಗಿದ್ದುದು ಕಬ್ಬಿನ ಗದ್ದೆ.

ಗದ್ದೆ ನೋಡಿ ಬಂದು ಅಜ್ಜಿಯ ಮನೆಯ ಜಗಲಿಯಲ್ಲಿ ಕುಳಿತಾಗ ಮಗ ಒಳಗಿನಿಂದ ತಟ್ಟೆ ತಂದು ತಾಯಿಯ ಕೈಗೆ ಕೊಟ್ಟ. ತಟ್ಟೆಯಲ್ಲಿ ಹೊಂಬಣ್ಣದ ಅಚ್ಚು ಬೆಲ್ಲ. ಅಜ್ಜಿ ಅದನ್ನು ಇವರ ಮುಂದೆ ಹಿಡಿದು ಹೇಳಿದಳಂತೆ:

"ಇದೇ ಗದ್ದೆ ಕಬ್ಬಿಂದು ಕಣವ್ವ. ಬಾಯ್ಗ್ ಆಕ್ಕಂಡ್ ನೋಡು, ಚೌಳು ಗೀಳು ಏನಿಲ್ಲ. ನಮ್ ಯಜಮಾನ್ರು ಬಂಗಾರ ಬೆಳೀತಿದ್ರು."

ಹೆಂಡತಿಗೆ ಒಂದು ಹಿಡಿ ಮಣ್ಣು ತೆಗೆದುಕೊಂಡು ಹೋಗಿ ಮಂಡ್ಯದಲ್ಲಿ ಪರೀಕ್ಷೆ ಮಾಡಿಸೋಣ ಎಂದಿತ್ತು. ಗಂಡ ಅವಳ ಬಾಯಿ ಮುಚ್ಚಿಸಿದ. "ಬೆಲ್ಲ ತಿಂದಾಯ್ತಲ್ಲ, ಇನ್ನೇನ್ ಪರೀಕ್ಸೆ. ಸುಮ್ಕಿರು, ಆ ಅಜ್ಜಿ ಮುಂದೆ ಮರ್ವಾದೆ ತೆಗೀಬ್ಯಾಡ." ಕ್ರಯ ಆಯಿತು. ಬತ್ತ ಕುಯ್ದ ಮೇಲೆ ಕಬ್ಬು ನೆಟ್ಟರು. ಬಿಸಿಲು ಏರುತ್ತಿದ್ದಂತೆ ಗದ್ದೆಯ ನಡುವೆ ಬಿಳಿ ತೇಪೆಗಳು ಎದ್ದವು, ಕಬ್ಬಿನ ಸುಳಿ ಹಳದಿಯಾಗಿ ಸುಟ್ಟಿತು. ಪಕ್ಕದ ಗದ್ದೆಯವನು ಬೀಡಿ ಹಚ್ಚಿಕೊಳ್ಳುತ್ತ, "ಇದು ಸೌಳು ಕಣ್ಲಾ, ಊರ್ಗೆಲ್ಲ ಗೊತ್ತು" ಅಂದನಂತೆ. ಊರಿಗೆಲ್ಲ ಗೊತ್ತಿದ್ದುದನ್ನು ಕೊಳ್ಳುವ ಮೊದಲು ಒಬ್ಬನೂ ಹೇಳಲಿಲ್ಲ. ನಮ್ಮ ಜನದ ದೊಡ್ಡತನ ಇದು.

ನನ್ನ ಮುಂದೆ ಕುಳಿತು ಇದನ್ನೆಲ್ಲ ಹೇಳಿದವಳು ಹೆಂಡತಿ. ಗಂಡ ನೆಲ ನೋಡುತ್ತಿದ್ದ. ಅವಳ ಮಡಿಲಲ್ಲಿ ಒಂದು ಪ್ಲಾಸ್ಟಿಕ್ ಚೀಲ, ಅದರಲ್ಲಿ ಗದ್ದೆಯ ಮಣ್ಣಿನ ಬಿಳಿ ಹಕ್ಕಳೆ. ಆ ಚೀಲವನ್ನು ಅವಳು ಕೇಸು ಮುಗಿಯುವ ತನಕ ಹೋದಲ್ಲೆಲ್ಲ ಹೊತ್ತುಕೊಂಡು ತಿರುಗಿದಳು. ಪರೀಕ್ಷೆಯ ವರದಿ ಬಂದಾಯಿತು, ಇನ್ನು ಅದು ಬೇಡ ಎಂದರೂ ಬಿಡಲಿಲ್ಲ.

"ಕಿರುಗಾವಲಿನ ವಲ ಓಯ್ತು, ಇಲ್ಲಿ ಇದು ಉಪ್ಪಾಯ್ತು. ನಮ್ಗೆ ಇನ್ನೇನೂ ಇಲ್ಲ ಲಾಯರಮ್ಮ. ನಮ್ದು ನಮ್ಗೆ ಬಂದ್ರೆ ಸಾಕು" ಅಂದಳು.

ನಾನು ಅವರಿಗೆ ಮೊದಲು ಕೊಟ್ಟ ಸಲಹೆ ಕೇಳಿ ಗಂಡ ನನ್ನನ್ನು ಹುಚ್ಚಿ ಎನ್ನುವ ಹಾಗೆ ನೋಡಿದ. ಗದ್ದೆಗೆ ಕಾಲಿಡಬೇಡಿ, ಉಳಬೇಡಿ, ಇನ್ನೊಂದು ಬೆಳೆ ಇಡಬೇಡಿ ಎಂದೆ. ಮೋಸ ಗೊತ್ತಾದ ಮೇಲೂ ನೆಲವನ್ನು ತನ್ನದೆಂದು ಉತ್ತು ಬಿತ್ತಿದರೆ ಒಪ್ಪಂದವನ್ನು ಒಪ್ಪಿಕೊಂಡ ಹಾಗಾಗುತ್ತದೆ. ಒಪ್ಪಿಕೊಂಡದ್ದನ್ನು ಆಮೇಲೆ ರದ್ದು ಮಾಡಿ ಎಂದು ಕೇಳಲು ಬರುವುದಿಲ್ಲ. ಅದೇ ವಾರ ಅಜ್ಜಿಗೆ ನೋಟಿಸು ಕಳಿಸಿದೆ: ಗದ್ದೆ ವಾಪಸು ತೆಗೆದುಕೊಳ್ಳಿ, ಕೊಟ್ಟದ್ದನ್ನು ವಾಪಸು ಕೊಡಿ. ಉತ್ತರ ಬರಲಿಲ್ಲ, ದಾವೆ ಹಾಕಿದೆವು. ನಾಲೆಗೆ ನೀರು ಬಂದಾಗ ಸುತ್ತಲಿನ ಗದ್ದೆಗಳೆಲ್ಲ ನಾಟಿಯಾಗಿ ಇವರದೊಂದು ಮಾತ್ರ ಪಾಳು ಬಿದ್ದಿತ್ತು. ನೀರು ಹರಿಯುವ ಗದ್ದೆಯನ್ನು ಪಾಳು ಬಿಡುವುದು ನಮ್ಮಲ್ಲಿ ಪಾಪ, ಹಾಗೆ ಬಿಟ್ಟವರನ್ನು ಆಡಿಕೊಳ್ಳುವುದು ಹಬ್ಬ. "ಕಾನೂನು ಬೆಳೀತಾವ್ನೆ" ಎಂದು ಟೀ ಅಂಗಡಿಯಲ್ಲಿ ನಗುತ್ತಿದ್ದರಂತೆ. ಗಂಡ ಅದನ್ನು ತಡೆಯಲಾರದೆ ಒಂದು ದಿನ ಮದ್ದೂರಿನ ಠಾಣೆಗೆ ಹೋಗಿ ಅಜ್ಜಿಯ ಮಗನ ಮೇಲೆ ವಂಚನೆಯ ದೂರು ಕೊಟ್ಟು ಬಂದ. ನನ್ನನ್ನು ಕೇಳಲಿಲ್ಲ. ಕೇಳಿದ್ದರೂ ಬೇಡ ಎನ್ನುತ್ತಿರಲಿಲ್ಲ.

ದಾವೆ ಬರೆಯುವ ಮುಂಚೆ ಮಂಡ್ಯದಲ್ಲಿದ್ದ ನನ್ನ ಹಿರಿಯರ ಹತ್ತಿರ ಹೋಗಿದ್ದೆ. ಅವರ ಕೈಕೆಳಗೆ ಕೆಲಸ ಕಲಿತವಳು ನಾನು. ಕಣ್ಣು ಮಂಜಾಗಿ ಕೋರ್ಟು ಬಿಟ್ಟಿದ್ದರು, ನಾಲಗೆ ಮಾತ್ರ ಮಂಜಾಗಿರಲಿಲ್ಲ.

"ಮಳವಳ್ಳಿಗೆ ಕೊನೇ ಬಸ್ಸು ಉಂಟಾ ಅಂತ ಒಬ್ಬ ಸ್ಟ್ಯಾಂಡಿನಲ್ಲಿ ಕೇಳ್ತಾನೆ ಅಂತಿಟ್ಕೊಳಮ್ಮ" ಅಂದರು. "ಒಬ್ಬ, ಬಸ್ಸು ಹೋಗಿದ್ದನ್ನ ಕಣ್ಣಾರೆ ಕಂಡೂ ಉಂಟು ಅಂತಾನೆ, ತನ್ನ ಅಂಗಡೀಲಿ ಇವನು ಕೂತು ತಿನ್ನಲಿ ಅಂತ. ಇನ್ನೊಬ್ಬ, ನೋಡಿಲ್ಲ ಕೇಳಿಲ್ಲ, ಬಾಯಿಗೆ ಬಂದಂಗೆ ಉಂಟು ಅಂತಾನೆ. ಮೂರನೆಯವನು ದಿನಾ ಅದೇ ಬಸ್ಸಿಗೆ ಹೋಗೋನು, ಇವತ್ತೇ ಟೈಮು ಬದಲಾಗಿದ್ದು ಅವನಿಗೆ ತಿಳಿದಿಲ್ಲ, ನಂಬಿ ಉಂಟು ಅಂತಾನೆ. ಮೂವರ ಮಾತೂ ಸುಳ್ಳೇ. ಕೇಳಿದವನು ಮೂರು ಸಲಾನೂ ಸ್ಟ್ಯಾಂಡಿನಲ್ಲೇ ಮಲಗ್ತಾನೆ. ಕಾನೂನು ಮಾತ್ರ ಮೂವರನ್ನೂ ಒಂದೇ ತಕ್ಕಡೀಲಿ ತೂಗಲ್ಲ."

ಮೊದಲನೆಯದು ವಂಚನೆ. ಗೊತ್ತಿದ್ದೂ ಹೇಳಿದ್ದು, ನಿಜವೆಂಬ ನಂಬಿಕೆಯಿಲ್ಲದೆ ಹೇಳಿದ್ದು. ಅದು ಸಾಬೀತಾದರೆ ಒಪ್ಪಂದ ರದ್ದಾಗುತ್ತದೆ, ಕೊಟ್ಟದ್ದು ವಾಪಸಾಗುತ್ತದೆ, ಅದರ ಮೇಲೆ ಆದ ನಷ್ಟವನ್ನೂ ಕಟ್ಟಿಸಿಕೊಳ್ಳಬಹುದು. ಎರಡನೆಯದು ವಿಚಾರಿಸದೆ ಆಡಿದ ಮಾತು. ಮೂರನೆಯದು ತಿಳಿಯದೆ, ನಂಬಿ ಆಡಿದ ಮಾತು. ನಮ್ಮ ಕರಾರು ಕಾಯಿದೆ ಇವೆರಡನ್ನೂ ತಪ್ಪು ನಿರೂಪಣೆ ಎಂದು ಒಂದೇ ಸೂರಿನಡಿ ಇಟ್ಟಿದೆ. ಅಲ್ಲೂ ಒಪ್ಪಂದ ರದ್ದು ಮಾಡಿಸಿ ಅವರವರದನ್ನು ಅವರವರು ತೆಗೆದುಕೊಳ್ಳಬಹುದು. ನಷ್ಟ ಪರಿಹಾರ ಬೇಕಾದರೆ, ಹೇಳಿದವನಿಗೆ ಎಚ್ಚರದಿಂದ ಹೇಳುವ ಹೊಣೆಯಿತ್ತು, ಹೊಣೆಗೇಡಿತನದಿಂದಲೇ ನಷ್ಟವಾಯಿತು ಎಂದು ಬೇರೆಯಾಗಿ ತೋರಿಸಬೇಕು. ಅದು ಕಷ್ಟದ ದಾರಿ. ನಂಬಿ ಹೇಳಿದ ಮುಗ್ಧನಿಂದ ಸಾಮಾನ್ಯವಾಗಿ ಪರಿಹಾರ ಸಿಗುವುದೇ ಇಲ್ಲ.

"ಇನ್ನೂ ಒಂದು ಮುಳ್ಳಿದೆ" ಅಂದರು ಹಿರಿಯರು. "ವಂಚನೆ ಅಲ್ಲ, ಬರೀ ತಪ್ಪು ನಿರೂಪಣೆ ಅಂತಾದ್ರೆ, ಸಾಧಾರಣ ಎಚ್ಚರಿಕೆ ಇಟ್ಟಿದ್ರೆ ನಿಮಗೇ ನಿಜ ಗೊತ್ತಾಗ್ತಿತ್ತಲ್ಲಪ್ಪ ಅಂತ ಎದುರಿನವನು ಕೇಳ್ತಾನೆ. ಗೊತ್ತಾಗ್ತಿತ್ತು ಅಂತಾದ್ರೆ ಮುಗೀತು, ರದ್ದೂ ಇಲ್ಲ ಗಿದ್ದೂ ಇಲ್ಲ. ಬೇಕಂತ್ಲೇ ಬಾಯಿಬಿಟ್ಟು ಸುಳ್ಳು ಹೇಳಿದವನು ಮಾತ್ರ ಆ ಪ್ರಶ್ನೆ ಕೇಳೋ ಹಂಗಿಲ್ಲ. ನಿನ್ನ ಕಕ್ಷಿದಾರರು ಮಣ್ಣು ಪರೀಕ್ಷೆ ಮಾಡಿಸಿದ್ರಾ?"

ಮಾಡಿಸಿರಲಿಲ್ಲ. ಬೆಲ್ಲ ತಿಂದಿದ್ದರು. ಮಂಡ್ಯಕ್ಕೆ ಒಂದು ಬಸ್ಸು ಹತ್ತಿದ್ದರೆ ತಿಳಿಯುತ್ತಿತ್ತು. ಅಂದರೆ ವಂಚನೆ ಸಾಬೀತಾದರೆ ಇವರಿಗೆ ಎಲ್ಲವೂ ಉಂಟು, ಆಗದಿದ್ದರೆ ಉಪ್ಪಿನ ಗದ್ದೆಯೇ ಗತಿ. ಆ ದಿನ ಜಗಲಿಯ ಮೇಲೆ ಅಜ್ಜಿ ತಟ್ಟೆ ಹಿಡಿದಾಗ ಅವಳ ತಲೆಯಲ್ಲಿ ಏನಿತ್ತು, ಮಗನ ತಲೆಯಲ್ಲಿ ಏನಿತ್ತು ಎಂಬುದರ ಮೇಲೆ ಒಂದು ಸಂಸಾರದ ಅನ್ನ ನಿಂತಿತ್ತು.

ನನ್ನ ಅನುಮಾನ ಮೊದಲಿನಿಂದಲೂ ಮಗನ ಮೇಲೆ. ಮಾರುವವಳ ಪರವಾಗಿ ವ್ಯವಹಾರ ಮಾಡಿದವನು ಅವನು. ಅವಳ ಕೆಲಸದಲ್ಲಿ ಅವನು ಮಾಡಿದ ವಂಚನೆ ಅವಳೇ ಮಾಡಿದ ವಂಚನೆಗೆ ಸಮ, ಕಾನೂನಿನಲ್ಲಿ ಅದಕ್ಕೆ ಸಂಶಯವಿಲ್ಲ. ಕೂಲಿಕಾರನ ಕೈಯಲ್ಲಿ ಬೇಲಿ ಕೀಳಿಸಿ ನಾನು ಕೀಳಲಿಲ್ಲ ಎನ್ನುವಂತಿಲ್ಲ. ಆದರೆ ಅವನಿಗೆ ಗೊತ್ತಿತ್ತು ಎಂದು ತೋರಿಸಬೇಕಲ್ಲ. ವಂಚನೆ ವಂಚನೆ ಎಂದು ಬೊಬ್ಬೆ ಹೊಡೆದರೆ ನ್ಯಾಯಾಲಯ ಕೇಳುವುದಿಲ್ಲ. ಯಾರು, ಎಲ್ಲಿ, ಏನು ಹೇಳಿದರು, ಸುಳ್ಳೆಂದು ಅವರಿಗೆ ಹೇಗೆ ತಿಳಿದಿತ್ತು ಎಂದು ಬಿಡಿಬಿಡಿಯಾಗಿ ಬರೆಯಬೇಕು, ಬರೆದದ್ದಕ್ಕೆ ಸಾಕ್ಷಿ ಕೊಡಬೇಕು.

ಸಾಕ್ಷಿ ಹುಡುಕಿಕೊಂಡು ಆ ಊರಿನ ಆಲೆಮನೆಗೆ ಹೋದೆ. ಆಲೆಮನೆ ನಡೆಸುವವನು ಕೊಪ್ಪರಿಗೆಯ ಹೊಗೆಯ ಪಕ್ಕದಲ್ಲಿ ನಿಂತು ನಿಜವನ್ನು ಹೇಳಿಬಿಟ್ಟ.

"ಆ ಗದ್ದೆ ಕಬ್ಬ ನಾನು ಅರೆಯಾಕಿಲ್ಲ ಅಂತ ಹಿಂದಿನ ವರ್ಸ್ವೇ ಅವನ್ಗೆ ಯೋಳಿದ್ದೆ. ಪಾಕ ಬರಾಕಿಲ್ಲ, ನನ್ ಎಸರು ಕೆಡ್ತದೆ ಅಂತ. ಆಮ್ಯಾಕೆ ಅವ್ನೇ ಬಂದು ಒಳ್ಳೆ ಬೆಲ್ಲ ನಾಕು ಅಚ್ಚು ತಕಂಡೋದ. ಯಾತಕ್ಕೆ ಅಂತ ನಾನ್ ಕೇಳ್ನಿಲ್ಲ."

"ಕೋರ್ಟಿಗೆ ಬಂದು ಇದನ್ನೇ ಹೇಳ್ತೀರಾ?" ಅಂದೆ.

"ಈ ಊರ್ನಾಗೆ ಬಾಳ್ಬೇಕು ಕಣಮ್ಮ ನಾನು" ಅಂದ.

ಸಮನ್ಸು ಕಳಿಸಿ ಕರೆಸಿದೆ. ಕಟಕಟೆಯಲ್ಲಿ ನಿಂತು, ಕಬ್ಬು ಯಾರದು ಬೇಡ ಅಂದೆ ಯಾರದು ಬೇಕು ಅಂದೆ ಎಲ್ಲ ಎಲ್ಲಿ ನೆನಪಿರುತ್ತದೆ ಸ್ವಾಮಿ, ಬೆಲ್ಲ ದಿನಾ ಜನ ಒಯ್ಯುತ್ತಾರೆ ಎಂದ. ನಾನು ಎಷ್ಟು ಬೆದಕಿದರೂ ಅವನ ನೆನಪು ಬರಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಆ ದಿನ ಹೆಂಡತಿ ನನಗೆ ಕಾಯದೆ ಬಸ್ಸು ಹತ್ತಿದಳು.

ಅಜ್ಜಿಯ ವಕೀಲರು ಬುದ್ಧಿವಂತರು. ಲಿಖಿತ ಹೇಳಿಕೆಯಲ್ಲಿ ಮೂರು ಗೋಡೆ ಕಟ್ಟಿದ್ದರು. ಒಂದು, ಬೆಲ್ಲ ಕೊಟ್ಟದ್ದು ಮಾತು ಮುಗಿದಾಗ ಬಾಯಿ ಸಿಹಿ ಮಾಡುವ ನಮ್ಮ ಪದ್ಧತಿ, ಅದು ಗದ್ದೆಯ ಬಗ್ಗೆ ಹೇಳಿಕೆಯೇ ಅಲ್ಲ. ಬಂಗಾರ ಬೆಳೆಯುವ ನೆಲ ಎಂಬುದು ಮಾರುವವರು ಎಲ್ಲರೂ ಆಡುವ ಹೊಗಳಿಕೆ. ಎರಡು, ಹೇಳಿಕೆ ಎಂದೇ ಇಟ್ಟುಕೊಂಡರೂ ಅಜ್ಜಿ ಅದನ್ನು ನಂಬಿ ಹೇಳಿದಳು, ಗಂಡ ಇದ್ದಾಗ ಅಲ್ಲಿ ಒಳ್ಳೆಯ ಕಬ್ಬು ಬೆಳೆಯುತ್ತಿದ್ದುದನ್ನು ಅವಳು ಕಂಡಿದ್ದಳು. ಮೂರು, ಮಣ್ಣು ಪರೀಕ್ಷೆ ಮಾಡಿಸಿದ್ದರೆ ವಾದಿಗಳಿಗೇ ತಿಳಿಯುತ್ತಿತ್ತು. ಮೊದಲ ಗೋಡೆಯನ್ನು ನಾನು ಒಡೆಯಬಲ್ಲವಳಾಗಿದ್ದೆ. ಬಂಗಾರ ಎಂಬುದು ಹೊಗಳಿಕೆ ನಿಜ, ಆದರೆ "ಇದೇ ಗದ್ದೆ ಕಬ್ಬಿಂದು, ಚೌಳಿಲ್ಲ" ಎಂಬುದು ಹೊಗಳಿಕೆಯಲ್ಲ, ಹೌದೋ ಅಲ್ಲವೋ ಎಂದು ಹೇಳಬಹುದಾದ ಸಂಗತಿ. ಉಳಿದೆರಡು ಗೋಡೆ ನನ್ನ ತಲೆಗೆ ಬಡಿಯುತ್ತಿದ್ದವು. ಅಜ್ಜಿ ಮಂಡಿನೋವಿನಿಂದ ಗಂಡ ಸತ್ತ ಮೇಲೆ ಆ ಗದ್ದೆಯ ಕಡೆಗೇ ಹೋಗಿರಲಿಲ್ಲ. ನೋಡದೆ ಕೇಳದೆ ಹೇಳಿದಳು ಎಂದು ನಾನು ವಾದಿಸಬಹುದಿತ್ತು, ಅದು ಹೆಚ್ಚೆಂದರೆ ಹೊಣೆಗೇಡಿ ಮಾತು, ಮೂರನೆಯ ಗೋಡೆ ಅದನ್ನೂ ತಡೆಯುತ್ತಿತ್ತು.

ಅಜ್ಜಿ ತನಗೆ ಏನೂ ಗೊತ್ತಿರಲಿಲ್ಲ ಎಂದು ಪ್ರಮಾಣಪತ್ರ ಕೊಟ್ಟಾಗಿತ್ತು. ಅದರ ಮೇಲೆ ನಾನು ಪಾಟಿ ಸವಾಲು ಮಾಡುವ ದಿನ ಬಂತು. ನಮ್ಮ ಕೇಸು ಕೂಗಲು ತಡವಿತ್ತು. ನ್ಯಾಯಾಲಯದ ವರಾಂಡದ ಕಲ್ಲು ಬೆಂಚಿನ ಈ ತುದಿಯಲ್ಲಿ ನಾನು ಮತ್ತು ಹೆಂಡತಿ, ಆ ತುದಿಯಲ್ಲಿ ಅಜ್ಜಿ. ಮಗ ಸ್ವಲ್ಪ ದೂರದಲ್ಲಿ ಬೇವಿನ ಮರಕ್ಕೆ ಒರಗಿ ಮೊಬೈಲು ನೋಡುತ್ತಿದ್ದ. ಅಜ್ಜಿ ಆಗಾಗ ನಮ್ಮ ಕಡೆ ನೋಡಿ, ಕೊನೆಗೆ ಬೆಂಚಿನ ಮೇಲೇ ಜರುಗಿ ಜರುಗಿ ಹತ್ತಿರ ಬಂದಳು.

"ಯಾಕವ್ವ ಇಂಗ್ ಮಾಡ್ದೆ? ನಾನು ನಿಮ್ಗೇನ್ ಕೆಟ್ಟದ್ ಮಾಡೀವ್ನಿ?" ಎಂದು ಹೆಂಡತಿಯನ್ನು ಕೇಳಿದಳು. ಜಗಳದ ದನಿಯಲ್ಲ. ನಿಜವಾಗಿಯೂ ತಿಳಿಯದೆ ಕೇಳುತ್ತಿದ್ದಳು.

ಹೆಂಡತಿ ಚೀಲದ ಗಂಟು ಬಿಚ್ಚಿ ಮುಂದೆ ಹಿಡಿದಳು.

"ಏನವ್ವ ಇದು?"

"ನಿಮ್ ಗದ್ದೆ."

ಅಜ್ಜಿ ಬಗ್ಗಿ ನೋಡಿದಳು. ಬಿಳಿ ಹಕ್ಕಳೆಯ ಒಂದು ಚೂರನ್ನು ಎರಡು ಬೆರಳಲ್ಲಿ ತೆಗೆದು, ಅಡುಗೆಗೆ ಉಪ್ಪು ನೋಡುವ ಹೆಂಗಸು ಮಾಡುವ ಹಾಗೆ ನಾಲಗೆಯ ತುದಿಗೆ ಇಟ್ಟುಕೊಂಡಳು. ಮುಖ ಕಿವುಚಿ, ಸೆರಗಿನ ತುದಿಗೆ ಉಗುಳಿದಳು. ಆಮೇಲೆ ಬಹಳ ಹೊತ್ತು ಬೇವಿನ ಮರದ ಕಡೆ ನೋಡಿದಳು. ಮಗ ತಲೆಯೆತ್ತಿದ, ತಾಯಿಯನ್ನು ನೋಡಿದ, ಚೀಲವನ್ನು ನೋಡಿದ, ಮತ್ತೆ ಮೊಬೈಲಿಗೆ ಬಗ್ಗಿದ. ಅವಳಿಗೆ ಗೊತ್ತಾದದ್ದು ಆಗ. ನಾನು ಪಕ್ಕದಲ್ಲಿ ಕುಳಿತು ನೋಡಿದ್ದೇನೆ, ಇದರಲ್ಲಿ ನನಗೆ ಕೂದಲೆಳೆಯಷ್ಟೂ ಸಂಶಯವಿಲ್ಲ. ಅಲ್ಲಿಯವರೆಗೆ ಅವಳು ತಟ್ಟೆಯಲ್ಲಿ ಕೊಟ್ಟ ಬೆಲ್ಲ ತನ್ನ ಗದ್ದೆಯದೇ ಎಂದು ನಂಬಿದ್ದಳು.

"ಇವ್ನು ಜೈಲ್ಗೋಯ್ತಾನಾ?" ಎಂದು ಮೆಲ್ಲಗೆ ಕೇಳಿದಳು. ನನ್ನನ್ನೋ ಹೆಂಡತಿಯನ್ನೋ ತಿಳಿಯಲಿಲ್ಲ. ಎದುರು ಪಕ್ಷದವಳ ಜೊತೆ ಕೇಸಿನ ಮಾತು ಆಡಬಾರದು ಎಂದು ನಾನು ಸುಮ್ಮನಿದ್ದೆ. ಹೆಂಡತಿ ಸುಮ್ಮನಿರಲಿಲ್ಲ. "ಠಾಣೇಲಿ ಕಂಪ್ಲೇಂಟ್ ಅದೆ. ಗೊತ್ತಿದ್ದೂ ಮೋಸ ಮಾಡಿದ್ರೆ ಓಯ್ತಾನೆ" ಎಂದಳು. ಅಜ್ಜಿ ತಲೆಯಾಡಿಸಿದಳು. ಸೆರಗಿನಿಂದ ಬಾಯಿ ಒರೆಸಿಕೊಂಡು ತನ್ನ ತುದಿಗೆ ಜರುಗಿಹೋದಳು.

ಊಟದ ಹೊತ್ತಿನ ಮೇಲೆ ಕೇಸು ಕೂಗಿದರು. ಮಂಡಿ ನೋವೆಂದು ನ್ಯಾಯಾಧೀಶರು ಅಜ್ಜಿಗೆ ಕುರ್ಚಿ ಕೊಡಿಸಿದರು. ನಾನು ತಯಾರು ಮಾಡಿಕೊಂಡು ಹೋಗಿದ್ದ ಪ್ರಶ್ನೆಗಳು ಬಹಳ ಇದ್ದವು. ಮೊದಲು ಮಗನ ಸುತ್ತ ಬೇಲಿ ಹಾಕಿ, ಆಮೇಲೆ ಒಳಗೆ ನುಗ್ಗುವ ಲೆಕ್ಕ. ಮೊದಲನೆಯದನ್ನೇ ಕೇಳಿದೆ: ಆ ದಿನ ತಟ್ಟೆಯಲ್ಲಿದ್ದ ಬೆಲ್ಲವನ್ನು ಮನೆಗೆ ತಂದವರು ಯಾರು?

"ನಾನೆಯ" ಅಂದಳು ಅಜ್ಜಿ.

ನಿಮ್ಮ ಮಗ ತರಲಿಲ್ಲವೇ ಎಂದೆ.

"ಅವ್ನ್ಗೇನೂ ಗೊತ್ತಿಲ್ಲ ಸ್ವಾಮಿ." ಅವಳು ನನ್ನನ್ನು ಬಿಟ್ಟು ನ್ಯಾಯಾಧೀಶರಿಗೇ ಹೇಳತೊಡಗಿದಳು. "ಗದ್ದೆ ಸೌಳು ಅಂತ ನಂಗ್ ಗೊತ್ತಿತ್ತು. ಬೆಲ್ಲ ಬ್ಯಾರೆ ಕಡೆಯಿಂದ ನಾನೇ ತಂದು ಮಡಗಿದ್ದೆ. ಉಪ್ಪು ಅಂದ್ರೆ ಯಾರ್ ತಕತಾರೆ? ಅದ್ಕೇ ಇದೇ ಗದ್ದೇದು ಅಂತ ಸುಳ್ಳು ಯೋಳ್ದೆ. ಮೋಸ ನಂದು. ಮಗಂಗೆ ಸಂಬಂದ ಇಲ್ಲ."

ಅವಳ ವಕೀಲರು ಎದ್ದು ನಿಂತು, ಸಾಕ್ಷಿಗೆ ವಯಸ್ಸಾಗಿದೆ, ಗಾಬರಿಯಾಗಿದ್ದಾರೆ ಎಂದರು. ನ್ಯಾಯಾಧೀಶರು ಪೆನ್ನು ಕೆಳಗಿಟ್ಟು, ನೀವು ಏನು ಹೇಳುತ್ತಿದ್ದೀರಿ ಎಂಬುದು ನಿಮಗೆ ಅರ್ಥವಾಗುತ್ತಿದೆಯೇ, ಪ್ರಮಾಣಪತ್ರದಲ್ಲಿ ಬೇರೆ ಇದೆಯಲ್ಲ ಎಂದು ಕೇಳಿದರು. "ಅದ್ರಲ್ಲಿರಾದು ಸುಳ್ಳು. ಇದು ನಿಜ" ಎಂದಳು ಅಜ್ಜಿ. ಮಗ ಹಿಂದಿನ ಬೆಂಚಿನಲ್ಲಿ ಕುಳಿತಿದ್ದ. ಎದ್ದು ನಿಲ್ಲಲಿಲ್ಲ, ಅವ್ವ ಸುಮ್ಕಿರು ಎನ್ನಲಿಲ್ಲ. ನನಗೆ ಅವನ ಕೊರಳಪಟ್ಟಿ ಹಿಡಿದು ಎಳೆದು ತಂದು ಆ ಕುರ್ಚಿಯ ಮುಂದೆ ನಿಲ್ಲಿಸಬೇಕು ಅನ್ನಿಸಿತು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುವುದನ್ನು ನಗುತ್ತ ಹೇಳುತ್ತೇವೆ. ಅವತ್ತು ಆ ಗಾದೆ ನನಗೆ ಹೇಸಿಗೆ ಹುಟ್ಟಿಸಿತು.

ನನ್ನ ಕೈಯಲ್ಲಿ ಇನ್ನೂ ಪ್ರಶ್ನೆಗಳಿದ್ದವು. ಯಾವ ಆಲೆಮನೆಯಿಂದ ತಂದಿರಿ, ಮಂಡಿ ನೋವಿನಲ್ಲಿ ಹೇಗೆ ಹೋದಿರಿ, ಎರಡು ಪ್ರಶ್ನೆ ಸಾಕಿತ್ತು, ಅವಳ ಸುಳ್ಳು ಕುಸಿಯುತ್ತಿತ್ತು. ಸುಳ್ಳುಗಾರರನ್ನು ಬೀಳಿಸುವುದರಲ್ಲಿ ಹೆಸರಾದವಳು ನಾನು. ಆದರೆ ಮಗನಿಗೆ ಗೊತ್ತಿತ್ತು ಎನ್ನಲು ನನ್ನಲ್ಲಿ ಬೇರೆ ಸಾಕ್ಷಿಯಿರಲಿಲ್ಲ. ಆ ಸುಳ್ಳು ಕುಸಿದರೆ ವಂಚನೆ ಕುಸಿಯುತ್ತದೆ, ವಂಚನೆ ಕುಸಿದರೆ ನನ್ನ ಪಕ್ಕದಲ್ಲಿ ಚೀಲ ಹಿಡಿದು ಕುಳಿತವಳ ಅನ್ನ ಹೋಗುತ್ತದೆ. ನಾನು ಅವಳ ವಕೀಲೆ, ಅಜ್ಜಿಯದಲ್ಲ. "ಇನ್ನು ಪ್ರಶ್ನೆಗಳಿಲ್ಲ" ಎಂದು ಕುಳಿತೆ.

ತೀರ್ಪು ನಮ್ಮ ಪರ ಬಂತು. ಕ್ರಯಪತ್ರ ರದ್ದು. ಗದ್ದೆ ಅಜ್ಜಿಗೆ, ಅಜ್ಜಿ ಪಡೆದದ್ದು ಬಡ್ಡಿಯ ಸಮೇತ ಇವರಿಗೆ. ಒಂದು ಬತ್ತದ ಬೆಳೆಯನ್ನು ಇವರು ಉಂಡಿದ್ದರಿಂದ ಅದನ್ನು ಮುರಿದುಕೊಂಡರು. ರಿಜಿಸ್ಟ್ರಿ ಖರ್ಚು, ಸುಟ್ಟ ಕಬ್ಬಿನ ಬಿತ್ತನೆ, ಉಳುಮೆ, ಗೊಬ್ಬರ, ಎಲ್ಲ ನಷ್ಟವನ್ನೂ ಅಜ್ಜಿಯೇ ಕಟ್ಟಬೇಕು. ಮಣ್ಣು ಪರೀಕ್ಷೆ ಮಾಡಿಸಲಿಲ್ಲ ಎಂಬ ವಾದವನ್ನು ನ್ಯಾಯಾಧೀಶರು ಒಂದೇ ಸಾಲಿನಲ್ಲಿ ತಳ್ಳಿಹಾಕಿದರು: ತಿಳಿದೂ ಸುಳ್ಳು ಹೇಳಿದವರಿಗೆ ಆ ರಕ್ಷಣೆ ಇಲ್ಲ. ಠಾಣೆಯವರು ಮಗನ ಮೇಲಿನ ದೂರನ್ನು, ತಾಯಿಯ ಸಾಕ್ಷ್ಯದ ಪ್ರತಿ ಇಟ್ಟುಕೊಂಡು, ಸಿವಿಲ್ ವ್ಯಾಜ್ಯ ಎಂದು ಮುಚ್ಚಿದರು. ಮುದುಕಿಯ ಮೇಲೆ ಕೇಸು ಹಾಕುವ ಉಮೇದು ಯಾರಿಗೂ ಇರಲಿಲ್ಲ, ನನ್ನ ಕಕ್ಷಿದಾರನಿಗೂ.

ಗೆದ್ದವನು ಸೋತ, ಸೋತವನು ಸತ್ತ ಎಂದು ಕೋರ್ಟಿನ ಬಗ್ಗೆ ಹೇಳುತ್ತಾರೆ. ಅಜ್ಜಿಯ ಕೈಗೆ ಬಂದಿದ್ದ ಹಣ ಆಗಲೇ ಮಗನ ಹೆಸರಿನ ಗೂಡ್ಸ್ ಟೆಂಪೋ ಆಗಿಹೋಗಿತ್ತು. ವಾಪಸು ಬಂದ ಉಪ್ಪಿನ ಗದ್ದೆಯನ್ನು ಕೊಳ್ಳುವವರಿರಲಿಲ್ಲ. ಕಟ್ಟಲು ಅವಳಲ್ಲಿ ಉಳಿದಿದ್ದುದು ದಿಣ್ಣೆಯ ಮೇಲಿನ ತೆಂಗಿನ ತೋಟವೊಂದೇ, ಅವಳು ಉಣ್ಣುತ್ತಿದ್ದುದು ಅದರಿಂದ. ಡಿಕ್ರಿ ಜಾರಿಯಲ್ಲಿ ಅದು ಹರಾಜಿಗೆ ಹೋಯಿತು. ಜಾರಿ ಅರ್ಜಿಗೆ ರುಜು ಹಾಕಿದವಳು ನಾನೇ. ನನ್ನ ಕಕ್ಷಿದಾರರಿಗೆ ಹಣ ಬಂತು, ಹೊಲ ಬರಲಿಲ್ಲ. ಕಿರುಗಾವಲಿನ ಅವರ ಕೆಂಪು ನೆಲದ ಮೇಲೆ ಕೊಂಡವರು ಮನೆ ಕಟ್ಟಿಕೊಂಡಿದ್ದರು, ಆ ದರಕ್ಕೆ ಬೇರೆಲ್ಲೂ ನೆಲ ಸಿಗುವ ಕಾಲ ಮುಗಿದಿತ್ತು. ಗೆಜ್ಜಲಗೆರೆಯಲ್ಲಿ ಬಾಡಿಗೆ ಮನೆಯಲ್ಲಿದ್ದಾರೆ. ಕಂಡಾಗ ನಮಸ್ಕಾರ ಮಾಡುತ್ತಾರೆ. ಬೆಲ್ಲದ ಟೀ ಕೊಟ್ಟರೆ ಹೆಂಡತಿ ಕುಡಿಯುವುದಿಲ್ಲ.

ಹರಾಜು ಮುಗಿದ ಕೆಲವು ದಿನಕ್ಕೆ ಅಜ್ಜಿ ನನ್ನ ಆಫೀಸಿನ ಮೆಟ್ಟಿಲು ಹತ್ತಿ ಬಂದಳು. ಒಬ್ಬಳೇ, ಗೋಡೆ ಹಿಡಿದುಕೊಂಡು. ಬೈಯಲು ಬಂದಿದ್ದಾಳೆ, ಬೈದರೆ ಬೈಯಲಿ ಎಂದುಕೊಂಡೆ. ಅವಳ ಕೈಯಲ್ಲಿ ತೀರ್ಪಿನ ಪ್ರತಿ ಇತ್ತು, ಮಡಿಕೆಗಳಲ್ಲಿ ಆಗಲೇ ಹರಿದಿತ್ತು.

"ಇದ್ರಲ್ಲಿ ಏನ್ ಬರದವ್ರೆ ವಸಿ ಓದವ್ವ. ನಮ್ ಲಾಯ್ರು ಸಿಗಾಕಿಲ್ಲ. ನಂಗೆ ಓದಾಕ್ ಬರಾಕಿಲ್ಲ."

ಕುರ್ಚಿ ಕೊಟ್ಟೆ. ನೀರು ಕೊಟ್ಟೆ. ಇಂಗ್ಲಿಷಿನಲ್ಲಿದ್ದುದನ್ನು ಕನ್ನಡ ಮಾಡಿ ಓದುತ್ತಾ ಹೋದೆ. ಪ್ರತಿವಾದಿಯು ನೆಲ ಚೌಳೆಂದು ಪೂರ್ಣವಾಗಿ ತಿಳಿದಿದ್ದು, ವಾದಿಗಳನ್ನು ವಂಚಿಸುವ ಉದ್ದೇಶದಿಂದ, ಎಂಬ ಸಾಲನ್ನೂ ಬಿಡದೆ ಓದಿದೆ. ಆ ಮೂರು ಬಗೆಯ ಸುಳ್ಳುಗಳಲ್ಲಿ ಅತ್ಯಂತ ನೀಚವಾದದ್ದನ್ನು, ಮೂರರಲ್ಲಿ ಅತ್ಯಂತ ಮುಗ್ಧವಾದದ್ದನ್ನು ಆಡಿದವಳ ತಲೆಗೆ ಕಟ್ಟಿದ್ದರು. ಕಟ್ಟಿಕೊಂಡವಳು ಅವಳೇ. ಬೇಕೆಂದೇ ಅವಳು ಹೇಳಿದ ಸುಳ್ಳು ಆ ಕೇಸಿನಲ್ಲಿ ಒಂದೇ, ಅದನ್ನು ಹೇಳಿದ್ದು ಜಗಲಿಯ ಮೇಲಲ್ಲ, ಕಟಕಟೆಯಲ್ಲಿ.

"ಅಜ್ಜಿ, ಅವತ್ತು ಬೆಂಚಿನ ಮೇಲೆ ನಾನು ನಿಮ್ಮನ್ನ ನೋಡ್ದೆ" ಎಂದೆ. ಹೇಳಬಾರದಿತ್ತು, ತಡೆಯಲಾಗಲಿಲ್ಲ.

ಅವಳು ಕಾಗದದ ಕಡೆ ಕೈ ತೋರಿಸಿದಳು.

"ಅದ್ರಲ್ಲಿ ನನ್ ಮಗನ ಎಸರು ಎಲ್ಲಾರ ಬತ್ತದಾ? ಮೋಸ ಮಾಡ್ದ ಅಂತ?"

ನಾನು ಮತ್ತೊಮ್ಮೆ ಮೊದಲಿನಿಂದ ಕೊನೆಯವರೆಗೆ ಹಾಳೆ ತಿರುವಿದೆ. "ಇಲ್ಲ ಅಜ್ಜಿ. ಅವನಿಗೆ ಗೊತ್ತಿರಲಿಲ್ಲ ಅಂತ ಬರೆದಿದ್ದಾರೆ."

"ಅಂಗಾದ್ರೆ ಸರಿ ಬುಡವ್ವ" ಅಂದಳು.

ಕಾಗದವನ್ನು ಮಡಚಿ ಸೆರಗಿನಲ್ಲಿ ಸಿಕ್ಕಿಸಿಕೊಂಡು ಎದ್ದಳು. ಮೆಟ್ಟಿಲವರೆಗೆ ಕೈ ಹಿಡಿದು ಬಂದೆ. ಹೇಗೆ ಹೋಗುತ್ತೀರಿ, ಮಗ ಗಾಡಿ ತರುತ್ತಾನಾ ಎಂದು ಕೇಳಿದೆ.

"ಇಲ್ಲ ಕಣವ್ವ. ಕೋರ್ಟಿಂದ ಬಂದ್ ದಿನದಿಂದ ಅವ್ನು ನನ್ ಜೊತೆ ಮಾತಾಡಾಕಿಲ್ಲ" ಎಂದಳು. "ಮೋಸಗಾತಿ ಮಗ ಅಂತ ಊರವ್ರು ಆಡ್ಕತಾರಂತೆ. ಅವ್ನ್ಗೆ ನಾಚ್ಕೆ ಆಯ್ತದಂತೆ."

ಗೋಡೆ ಹಿಡಿದುಕೊಂಡು ಅವಳು ಬಸ್ ಸ್ಟ್ಯಾಂಡಿನ ಕಡೆಗೆ ನಡೆದಳು.